ಹೊಡೆದು ಹಾಕಿದ ಸಾಲು

ನನ್ನ ತಂಗಿ ಮದುವೆಗಳ ಫೋಟೋ ತೆಗೆಯುವವಳು. ಕೋಪ ಮಾಡಿಕೊಳ್ಳುವುದು ನನ್ನ ಪಾಲಿನ ಕೆಲಸ, ಅವಳಿಗೆ ಅದು ಬರುವುದಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಮೂರು ವರ್ಷ ಅವಳೂ ಅವಳ ಗೆಳೆಯನೂ ಜೊತೆಯಾಗಿ ಸ್ಟುಡಿಯೋ ನಡೆಸಿದರು. ಮದುವೆಯಾಗುವ ಮಾತೂ ಆಗಿತ್ತು. ಕ್ಯಾಮೆರಾ ಅವನ ಕೈಯಲ್ಲಿ, ಲೈಟು ಇವಳ ಕೈಯಲ್ಲಿ. ಊರು ಕಂಡದ್ದು ಇಷ್ಟೇ. ಊರು ಕಾಣದ್ದು ಏನೆಂದರೆ, ಕೊನೆಯ ವರ್ಷ ಅವನ ಕೈ ನಡುಗಲು ಶುರುವಾಗಿತ್ತು. ಊಟಕ್ಕೆ ಕೂತು ಲೋಟ ಎತ್ತಿದರೂ ನೀರು ತುಳುಕುತ್ತಿತ್ತು. ಡಾಕ್ಟರ ಹತ್ತಿರ ಹೋಗು ಎಂದರೆ ಕೂಗಾಡಿದ. ಆಮೇಲೆ ಜನರ ಎದುರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಿಲ್ಲುತ್ತಿದ್ದ, ಚಿತ್ರಗಳನ್ನೆಲ್ಲ ಮೂಲೆಯಿಂದ ಇವಳು ತೆಗೆಯುತ್ತಿದ್ದಳು. ಅಡಿಯಲ್ಲಿ ಬೀಳುತ್ತಿದ್ದದ್ದು ಅವನ ಹೆಸರು. ಒಂದು ಚಿತ್ರಕ್ಕಾದರೂ ನನ್ನ ಹೆಸರು ಹಾಕು ಎಂದು ಇವಳು ಕೇಳಿದ ದಿನ ಸಂಬಂಧ ಮುರಿಯಿತು. ಮಾಡಿದವಳು ಒಬ್ಬಳು, ಮೆರೆದವನು ಇನ್ನೊಬ್ಬ!

ಮುರಿದ ಮೇಲಾದರೂ ಸುಮ್ಮನಿದ್ದನೇ? ತನ್ನ ಪೇಜಿನಲ್ಲಿ ಸೂರ್ಯಾಸ್ತದ ಚಿತ್ರ ಹಾಕಿ, 'ಕೆಲವರು ಕೈ ಹಿಡಿದು ಬೆಳೆಯುತ್ತಾರೆ, ಬೆಳೆದ ಮೇಲೆ ಕೈ ಕೊಡುತ್ತಾರೆ' ಎಂದು ಬರೆದ. ಕೆಳಗೆ ಅವನ ಗೆಳೆಯರ ದಂಡು, 'ಯಾರಂತ ಗೊತ್ತು ಬಿಡಣ್ಣ' ಎಂದು. ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಅದನ್ನು ಓದಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಡುವುದರಲ್ಲಿದ್ದೆ.

ಅಷ್ಟರಲ್ಲಿ ತಂಗಿ ಒಂದು ಸಣ್ಣ ಕೋಣೆ ಹಿಡಿದು ತನ್ನದೇ ಪೇಜು ತೆರೆದಿದ್ದಳು. ಕೈಯಲ್ಲಿದ್ದದ್ದು ಒಂದೇ ಮದುವೆ, ಅದೂ ಸಂಬಂಧ ಮುರಿಯುವ ಮುಂಚೆ ಇಬ್ಬರಿಗೂ ಸೇರಿ ಹೇಳಿದ್ದು. ಮದುಮಗಳ ತಾಯಿ ಸ್ಪಷ್ಟವಾಗಿ ಹೇಳಿದ್ದರು: "ನೀವಿಬ್ಬರೂ ಬೇರೆಯಾದ್ರಂತೆ. ಇಬ್ಬರ ಪೇಜೂ ನೋಡ್ತೀನಿ, ಆಮೇಲೆ ಯಾರು ಬರಬೇಕು ಅಂತ ಹೇಳ್ತೀನಿ." ಆ ಮದುವೆ ಹೋದರೆ ಕೋಣೆಯೂ ಹೋದಂತೆಯೇ.

ಭಾನುವಾರ ಮಧ್ಯಾಹ್ನ ಮೊದಲ ಪೋಸ್ಟ್ ಹಾಕಲು ಕೂತಳು. ನಾನು ಪಕ್ಕದಲ್ಲಿ, ಕುದಿಯುತ್ತಾ. ಚಿತ್ರ ಚೆನ್ನಾಗಿತ್ತು: ಹಳೆಯ ಸ್ಟುಡಿಯೋದ ಕನ್ನಡಿಯಲ್ಲಿ ಕ್ಯಾಮೆರಾ ಹಿಡಿದು ಕಾಣುವ ಇವಳು. ಆದರೆ ಹಿಂದೆ ಬಾಗಿಲ ಮೊಳೆಗೆ ಅವನ ಹಳೆಯ ಜಾಕೆಟ್ಟು ನೇತಾಡುತ್ತಿತ್ತು. ಚಿತ್ರದಿಂದ ಆ ಭಾಗವನ್ನು ಕತ್ತರಿಸಿದಳು. "ಜನ ಮುಖ ನೋಡಲ್ಲ ಅಕ್ಕ, ಮೂಲೆ ನೋಡ್ತಾರೆ." ಜಾಗದ ಹೆಸರು ತೆಗೆದಳು, ಹಳೆಯ ಸ್ಟುಡಿಯೋದ ಯಾರನ್ನೂ ಟ್ಯಾಗ್ ಮಾಡಲಿಲ್ಲ.

"ಬರಿ," ಎಂದೆ. "ಮೂರು ವರ್ಷ ಕತ್ತಲಲ್ಲಿದ್ದೆ, ಈಗ ಬೆಳಕಿಗೆ ಬಂದೆ."

"ಮೂರು ವರ್ಷ ಅಂದ ಕೂಡ್ಲೇ ಲೆಕ್ಕ ಹಾಕ್ತಾರೆ. ಕತ್ತಲು ಯಾರು ಅಂತ ಕೇಳ್ತಾರೆ."

"ಕೇಳ್ಲಿ! ಹೋಗ್ಲಿ, ನನ್ನ ಬೆಲೆ ತಿಳಿಯದವರಿಗೆ ಧನ್ಯವಾದ ಅಂತ ಬರಿ."

"ಅದು ಧನ್ಯವಾದ ಅಲ್ಲ, ಕಪಾಳಕ್ಕೆ ಹೊಡೆದಂಗೆ. ಅವನಿಗೆ ಬರೆದಂಗಾಯ್ತು. ನಾನು ಬರೀಬೇಕಾಗಿರೋದು ನನ್ನ ಬಗ್ಗೆ."

"ನೋವಿಂದ ಗೆದ್ದು ಬಂದೆ ಅಂತ?"

"ಗೆದ್ದೆ ಅಂದ್ರೆ ಸೋತವನನ್ನ ಹುಡುಕ್ತಾರೆ ಅಕ್ಕ."

ಹೀಗೆ ನಾನು ಹೇಳಿದ್ದೆಲ್ಲ ಬಿದ್ದುಹೋಯಿತು. ಯಾವ ಸಾಲಿನಲ್ಲಿ 'ನೀನು', 'ಕೆಲವರು', 'ಕೊನೆಗೂ' ಬರುತ್ತದೋ ಆ ಸಾಲಿನ ಹಿಂದೆ ಇನ್ನೊಬ್ಬ ಮನುಷ್ಯ ನಿಂತಿರುತ್ತಾನೆ ಎಂಬುದು ಅವಳ ವಾದ. ಮೊದಲು ಬರದಿದ್ದದ್ದು ಏನು, ಈಗ ಬರುವುದು ಏನು, ಅಷ್ಟು ಹೇಳಿದರೆ ಬದಲಾದದ್ದು ಓದುವವರಿಗೆ ತಾನಾಗಿ ತಿಳಿಯುತ್ತದೆ, ಯಾಕೆ ಬದಲಾಯಿತು ಎಂಬುದು ತನ್ನಲ್ಲೇ ಉಳಿಯುತ್ತದೆ ಎಂದಳು. ಕೊನೆಗೆ ಬರೆದದ್ದು ಇದು:

'ಬೇರೆಯವರು ಬೆರಳು ತೋರಿಸಿದ ಕಡೆ ಲೈಟು ಹಿಡಿಯುವುದು ನನಗೆ ಅಭ್ಯಾಸವಾಗಿತ್ತು. ಎಲ್ಲಿ ನಿಲ್ಲಬೇಕು ಎಂದು ಈಗ ನಾನೇ ನೋಡಿಕೊಳ್ಳುತ್ತೇನೆ. ಕೈ ನಡುಗುವುದಿಲ್ಲ. ಹೊಸ ಕೋಣೆ, ಅದೇ ನಾನು, ಸ್ವಲ್ಪ ಹೆಚ್ಚು ನಾನು.'

"ಭೇಷ್!" ಎಂದು ತೊಡೆ ತಟ್ಟಿದೆ. ಕೈ ನಡುಗುವುದಿಲ್ಲ! ಊರಿಗೆ ಅದು ಬರೀ ಧೈರ್ಯದ ಮಾತು, ಅವನಿಗೆ ಮಾತ್ರ ಕರುಳಿಗೆ ಚುಚ್ಚುವ ಮಾತು.

ಅವಳು ಆ ಸಾಲನ್ನು ಇನ್ನೊಮ್ಮೆ ಓದಿ ಮುಖ ಸಣ್ಣ ಮಾಡಿಕೊಂಡಳು. ತಿಳಿಯದೆ ಬರೆದಿದ್ದಳಂತೆ. ಅಳಿಸಿಬಿಟ್ಟಳು.

"ಏನೇ ಇದು! ಅವನೊಬ್ಬನಿಗೆ ತಾನೇ ಗೊತ್ತಾಗೋದು?"

"ಅವನ ತಾಯಿಗೂ ಗೊತ್ತಾಗುತ್ತೆ. ಅವನ ಕಾಯಿಲೆ ನಂದಲ್ಲ, ನನ್ನ ಬೆಳವಣಿಗೆ ತೋರ್ಸೋಕೆ ಅದ್ಯಾಕೆ?"

'ಅದೇ ನಾನು' ಎಂದರೆ ಹಳೆಯದನ್ನು ನೆನಪಿಸಿದಂತೆ ಎಂದು ಅದನ್ನೂ ತೆಗೆದು, ಉಳಿದದ್ದನ್ನು ಹಾಕಿದಳು. ಇಬ್ಬರು ಗೆಳತಿಯರಿಗೆ ಮೊದಲೇ ಸಂದೇಶ ಕಳಿಸಿದ್ದಳು: ಹೊಗಳಿ, ಆದರೆ 'ಅವನಿಲ್ಲದೇ ಚೆನ್ನಾಗಿದ್ದೀಯ' ಎನ್ನಬೇಡಿ. ಅವನ ಹೆಸರು ಬಂದ ಕಮೆಂಟು ತಾನಾಗಿ ಮರೆಯಾಗುವಂತೆ ಪೇಜಿನ ತಡೆಪಟ್ಟಿಗೆ ಆ ಹೆಸರು ಸೇರಿಸಿದ್ದಳು. ಏನಾಯಿತು ಎಂದು ಕೆಣಕಿದವರಿಗೆ, 'ಕೆಲಸದ ಬಗ್ಗೆ ಕೇಳಿ, ಖುಷಿಯಿಂದ ಹೇಳ್ತೀನಿ' ಎಂದಷ್ಟೇ ಉತ್ತರ.

ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಪೋಸ್ಟಿನ ಕೆಳಗೆ ಅವನೇ ಬಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ. 'ಕ್ಯಾಮೆರಾ ಹಿಡಿಯೋದು ಕಲಿಸಿದ್ದು ಯಾರು ಅಂತಾನೂ ಬರೀಬೇಕಿತ್ತು' ಎಂದು ಎಲ್ಲರಿಗೂ ಕಾಣುವಂತೆ ಕಮೆಂಟು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ನನ್ನ ಫೋನು ತೆಗೆದು ಕುಟ್ಟತೊಡಗಿದೆ: 'ಲೋಟ ಹಿಡಿಯೋಕೆ ಆಗದ ಕೈ ಕ್ಯಾಮೆರಾ ಕಲಿಸ್ತಾ? ಕೊನೇ ವರ್ಷದ ಫೋಟೋ ಎಲ್ಲಾ ತೆಗೆದದ್ದು ಯಾರು ಅಂತ...'

"ಅಕ್ಕ, ಬೇಡ."

"ಸುಮ್ನಿರೇ! ನಿನಗೆ ಸಿಟ್ಟೇ ಬರಲ್ವಾ? ರಕ್ತ ಇದೆಯೋ ನೀರಿದೆಯೋ ಮೈಯಲ್ಲಿ?"

"ಬರಲ್ಲ ಅಂತ ಯಾರು ಹೇಳಿದ್ದು?" ಅವಳ ದನಿ ಸೀಳಿಹೋಯಿತು. "ನಿನಗಿಂತ ಹತ್ತು ಪಟ್ಟು ಬರುತ್ತೆ! ನಾನು ಕಾಲಿಡೋದು ಮದುಮಗಳ ಕೋಣೆಗೆ ಅಕ್ಕ. ಅಲ್ಲಿ ಅಳ್ತಾರೆ, ಅಪ್ಪ ಅಮ್ಮ ಜಗಳ ಆಡ್ತಾರೆ, ಬಟ್ಟೆ ಬದಲಾಯಿಸ್ತಾರೆ. ಪ್ರೀತಿಸಿದವನ ಗುಟ್ಟನ್ನೇ ಬೀದಿಗೆ ಹಾಕಿದವಳನ್ನ ಯಾರು ಒಳಗೆ ಬಿಡ್ತಾರೆ? ಕಳಿಸು, ಕಳಿಸಿಬಿಡು. ಆಮೇಲೆ ಈ ಕೋಣೆ ಬೀಗದ ಕೈ ನೀನೇ ವಾಪಸ್ ಕೊಡು."

ನನ್ನ ಬೆರಳು ಅಲ್ಲೇ ನಿಂತಿತು. ಅವಳು ಹೇಳಿದ್ದು ಸರಿ ಎಂದು ಗೊತ್ತಾದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಸಂಜೆಗೆ ಮದುಮಗಳ ತಾಯಿಯ ಫೋನು. ಸ್ಪೀಕರಿಗೆ ಹಾಕಿದಳು.

"ಎರಡೂ ಪೇಜ್ ನೋಡ್ದೆ ಕಣಮ್ಮ. ಅವನದು ನೋಡಿದ್ರೆ ನಿಮ್ಮ ಜಗಳ ಗೊತ್ತಾಗುತ್ತೆ. ನಿನ್ನದು ನೋಡಿದ್ರೆ ನಿನ್ನ ಕೆಲಸ ಗೊತ್ತಾಗುತ್ತೆ. ನನ್ನ ಮಗಳ ಅಪ್ಪ ಅವತ್ತು ಅವರ ಎರಡನೇ ಸಂಸಾರದ ಜೊತೆ ಬರ್ತಾರೆ. ಯಾವುದನ್ನ ಊರಿಗೆ ತೋರಿಸ್ಬಾರದು ಅಂತ ತಿಳಿದೋರು ಬೇಕು ನನಗೆ. ನೀನೇ ಬಾ."

"ಬರ್ತೀನಮ್ಮ," ಎಂದಳು ತಂಗಿ, ಅಷ್ಟೇ ಮೆತ್ತಗೆ. ಫೋನಿಟ್ಟಳು. ನಾನು ಬರೆದಿಟ್ಟಿದ್ದನ್ನು ಅಳಿಸಿದೆ. ಅವಳು ಎದ್ದು, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿಗೆ ಒಂದು ಒದ್ದಳು ನೋಡಿ, ಅದು ಗೋಡೆಗೆ ಬಡಿದು ಉರುಳಿತು. ಮುಖವೆಲ್ಲ ಕೆಂಪಾಗಿತ್ತು, ಕಣ್ಣಲ್ಲಿ ನೀರು.

"ಬಾಗಿಲು ಹಾಕು ಅಕ್ಕ," ಎಂದಳು.

ಹಾಕಿದೆ. ಕಿಟಕಿಯನ್ನೂ ಹಾಕಿದೆ. ಆಮೇಲೆ ಅವಳು ಅವನನ್ನು ಬೈದ ಬೈಗುಳ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದರಲ್ಲಿ ಒಂದು ಪದವನ್ನೂ ನಾನು ಇಲ್ಲಿ ಬರೆಯುವುದಿಲ್ಲ.