ಕೆಂಪು ಪೆನ್ನಿನ ಮೇಷ್ಟ್ರು ಮತ್ತು ನಮ್ಮ ಜೇನು ಸಂಘದ ವರದಿ

ಜೇನು ಸಾಕುವವರ ಸಹಕಾರ ಸಂಘವೊಂದಕ್ಕೆ ನಾನು ಕಾರ್ಯದರ್ಶಿ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿನ ಸದಸ್ಯರು ಜೇನುತುಪ್ಪ ತಂದು ಹಾಕುತ್ತಾರೆ. ನಾವು ಅದನ್ನು ಸೋಸಿ, ಬಾಟಲಿಗೆ ತುಂಬಿ ಮಾರುತ್ತೇವೆ. ಹೊಸನಗರದ ಬಾಡಿಗೆ ಕೋಣೆಯೊಂದು ನಮ್ಮ ಕಚೇರಿ. ವರ್ಷದ ಹನ್ನೊಂದು ತಿಂಗಳು ಈ ಕೆಲಸದಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಉಳಿದ ಒಂದು ತಿಂಗಳು ನಾನು ಮನೆಯವರ ಮೇಲೆಲ್ಲ ಹರಿಹಾಯುತ್ತೇನೆ, ಏಕೆಂದರೆ ಆಗ ವಾರ್ಷಿಕ ವರದಿ ಬರೆಯಬೇಕು.

ವರದಿ ಬರೆಯುವುದೇನೂ ಕಷ್ಟವಲ್ಲ. ಸದಸ್ಯರೆಷ್ಟು, ತುಪ್ಪ ಎಷ್ಟು ಬಂತು, ಲಾಭವೋ ನಷ್ಟವೋ, ಆಡಳಿತ ಮಂಡಳಿ ಏನೇನು ನಿರ್ಣಯ ಮಾಡಿತು, ಮುಂದಿನ ಯೋಜನೆ ಏನು, ಬರುವ ವರ್ಷದ ಅಂದಾಜು ಆಯವ್ಯಯ ಏನು, ಇಷ್ಟೇ. ಅಚ್ಚು ಹಾಕಿಸಿ, ಸಭೆಯ ನೋಟಿಸಿನ ಜೊತೆ ಅಂಚೆಗೆ ಹಾಕಿದರೆ ಮುಗಿಯಿತು. ಬಹುತೇಕ ಸದಸ್ಯರು ಅದನ್ನು ತೆರೆದು ನೋಡುವುದು ತಮ್ಮ ಫೋಟೋ ಬಂದಿದೆಯೋ ಎಂದು ತಿಳಿಯಲು ಮಾತ್ರ. ಕಷ್ಟ ಇದ್ದದ್ದು ತೀರ್ಥಹಳ್ಳಿ ಕಡೆಯ ಒಬ್ಬ ಮೇಷ್ಟ್ರದ್ದು.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. ಸಭೆಯಲ್ಲಿ ಎದ್ದು ನಿಂತು, "ಪುಟ ಒಂಬತ್ತು, ಜೇನು ಪೆಟ್ಟಿಗೆಗಳ ಮೊತ್ತ ಕೂಡಿದ್ದು ತಪ್ಪು" ಎನ್ನುತ್ತಿದ್ದರು. ಇನ್ನೊಂದು ವರ್ಷ, "ಏಳನೇ ನಿರ್ಣಯ ಎರಡು ಸಲ ಬಂದಿದೆ, ಎಂಟನೆಯದು ಎಲ್ಲಿ ಹೋಯ್ತು?" ಎಂದರು. ಅಷ್ಟು ಜನರ ಎದುರಿಗೆ ನನ್ನ ಮುಖ ಕೆಂಪಾಗುತ್ತಿತ್ತು. ನಾನು ತಪ್ಪು ಮಾಡಿದ್ದೆ ಎಂಬುದಕ್ಕಿಂತ ಅವರು ಪ್ರತಿ ಸಲವೂ ಸರಿ ಇರುತ್ತಿದ್ದರು ಎಂಬುದೇ ನನಗೆ ಸಿಟ್ಟು.

ಆಮೇಲೆ ಜೇನಿನ ಮರಿಹುಳುಗಳಿಗೆ ರೋಗ ಬಂತು. ಮೇಷ್ಟ್ರ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ಖಾಲಿಯಾದವು. ಒಂದು ವರ್ಷ ಹೋಯಿತು, ಎರಡು ಹೋಯಿತು, ಅವರಿಂದ ಒಂದು ಚಮಚ ತುಪ್ಪವೂ ಬರಲಿಲ್ಲ. ನಮ್ಮ ಬೈಲಾ ಪ್ರಕಾರ ಸತತ ಮೂರು ವರ್ಷ ಸಂಘಕ್ಕೆ ತುಪ್ಪ ಹಾಕದಿದ್ದರೆ ಸದಸ್ಯತ್ವ ಉಳಿಯುತ್ತದೆ, ಆದರೆ ಮತ್ತೆ ತುಪ್ಪ ಹಾಕುವವರೆಗೆ ಸಭೆಯಲ್ಲಿ ಮತ ಹಾಕುವ ಹಕ್ಕು ಇರುವುದಿಲ್ಲ. ಮೂರನೇ ವರ್ಷವೂ ಹಾಗೇ ಮುಗಿದು, ಮತವಿಲ್ಲದವರ ಪಟ್ಟಿ ಮಾಡುವಾಗ ಮೇಷ್ಟ್ರ ಹೆಸರನ್ನು ನಾನೇ ಟೈಪ್ ಮಾಡಿದೆ. ಸುಳ್ಳು ಏಕೆ ಹೇಳಲಿ, ಖುಷಿಯಾಯಿತು. ಈ ಸಲ ಕೆಂಪು ಪೆನ್ನಿಲ್ಲ!

ಆ ಖುಷಿ, ಮತವಿಲ್ಲವೆಂದು ತಿಳಿಸುವ ಅವರ ನೋಟಿಸನ್ನು ಲಕೋಟೆಗೆ ಹಾಕುವವರೆಗೆ ಉಳಿಯಿತು. ಅಂಟು ಹಚ್ಚಲು ಹೋಗಿ ಅವರ ಹೆಸರನ್ನು ಇನ್ನೊಮ್ಮೆ ಓದಿದೆ. ನನ್ನ ಬರವಣಿಗೆಯನ್ನು ಪೂರ್ತಿ ಓದುತ್ತಿದ್ದ ಒಬ್ಬನೇ ಮನುಷ್ಯನಿಗೆ ನಿಮ್ಮ ಮಾತು ಲೆಕ್ಕಕ್ಕಿಲ್ಲ ಎಂದು ಬರೆದು ಕಳಿಸುತ್ತಿದ್ದೆ. ಲಕೋಟೆಯನ್ನು ಮೇಜಿನ ಮೇಲೇ ಬಿಟ್ಟು ಅಧ್ಯಕ್ಷರಿಗೆ ಫೋನ್ ಮಾಡಿದೆ. ಜೇನು ಕುಟುಂಬ ಕಳೆದುಕೊಂಡ ಸದಸ್ಯರಿಗೆ ಸಂಘದಿಂದಲೇ ಒಂದೊಂದು ಕುಟುಂಬ, ಅಂದರೆ ರಾಣಿ ಸಮೇತ ಒಂದು ಪೆಟ್ಟಿಗೆ ಹುಳು, ಕೊಡೋಣ ಎಂದೆ. ಮಂಡಳಿ ಸಭೆ ಸೇರಿ ಒಪ್ಪಿತು. ಅಚ್ಚಿಗೆ ಹೋಗುವ ಮೊದಲು ಅವಸರದಲ್ಲಿ ಅದನ್ನು ಮುಂದಿನ ಯೋಜನೆಗಳ ಪುಟಕ್ಕೆ ಸೇರಿಸಿದೆ. ಬೈಲಾ ಬೈಲಾವೇ, ಲಕೋಟೆಯನ್ನೂ ಅಂಚೆಗೆ ಹಾಕಿದೆ.

ಮಹಾಸಭೆಯ ದಿನ ಬೆಳಿಗ್ಗೆಯೇ ಸಭಾಂಗಣದ ಹಿಂದಿನ ಅಡಿಗೆಮನೆಯಿಂದ ಹೋಳಿಗೆಯ ಪರಿಮಳ. ಸಾಗರದ ಬಸ್ಸಿನವರು, ತೀರ್ಥಹಳ್ಳಿ ಬಸ್ಸಿನವರು ಇಳಿದು ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕೂತರು, ಕೋರಂ ಆಯಿತು. ಮೇಷ್ಟ್ರು ಬರಲಾರರು ಅಂದುಕೊಂಡಿದ್ದೆ. ಬಂದರು. ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತರು.

ಸಭೆ ಓಡಿತು. ವರದಿ ಓದಿದೆ, ಸದಸ್ಯರು "ಪಾಸ್" ಅಂದರು. ಲೆಕ್ಕಪತ್ರ ಓದಿದೆ, ಸ್ವಲ್ಪ ಲಾಭ ಇತ್ತು, ಇನ್ನೂ ಜೋರಾಗಿ "ಪಾಸ್, ಪಾಸ್!" ಯೋಜನೆ ಓದಿದಾಗ ಚಪ್ಪಾಳೆಯೇ ಬಿತ್ತು. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಅಂದಾಜು ಆಯವ್ಯಯ ಓದಿ ಮುಗಿಸುವಾಗ ಅವರ ಕೈ ಅರ್ಧ ಎದ್ದು ಹಾಗೇ ಇಳಿದದ್ದನ್ನು ಕಂಡೆ. ಇಷ್ಟು ವರ್ಷ ಆ ಕೈಗೆ ಹೆದರಿದವಳಿಗೆ ಅದು ಕಾಣದೆ ಇರುತ್ತದೆಯೇ?

"ಮೇಷ್ಟ್ರೇ, ಎಂತದೋ ಹೇಳ್ಲಿಕ್ಕೆ ಇತ್ತಲ್ಲ?" ಎಂದು ಮೈಕಿನಲ್ಲೇ ಕೇಳಿದೆ.

"ನಂಗೆ ಮತ ಇಲ್ಲ, ಮೇಡಂ."

ನನಗೆ ರೇಗಿತು. "ಮತ ಇಲ್ದಿದ್ರೆ ಏನಾಯ್ತು, ಬಾಯಿ ಇದೆಯಲ್ಲ! ಪ್ರಶ್ನೆ ಕೇಳ್ಬಾರ್ದು ಅಂತ ಬೈಲಾದಲ್ಲಿ ಎಲ್ಲಿದೆ? ನೀವೇ ತೋರ್ಸಿ."

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಿಧಾನವಾಗಿ ಎದ್ದರು. ಜೇಬಿನಿಂದ ಅದೇ ಪೆನ್ನು ಹೊರಬಂತು. "ಪುಟ ಹದಿನಾಲ್ಕರಲ್ಲಿ ಜೇನು ಕುಟುಂಬ ಕೊಡ್ತೇವೆ ಅಂತ ಬರ್ದಿದೀರಿ. ಪುಟ ಹದಿನೆಂಟರ ಅಂದಾಜಿನಲ್ಲಿ ಅದಕ್ಕೆ ಒಂದು ಪೈಸೆನೂ ಇಟ್ಟಿಲ್ಲ. ಹೀಗೇ ಪಾಸ್ ಮಾಡಿದ್ರೆ ನಾಳೆ ಖರ್ಚು ಮಾಡಿದಾಗ ಆಡಿಟರ್ ಆಕ್ಷೇಪ ಹಾಕ್ತಾರೆ."

ಪುಟ ತಿರುಗಿಸಿದೆ. ಇರಲಿಲ್ಲ. ಯಾರಿಗಾಗಿ ಆ ಯೋಜನೆ ಸೇರಿಸಿದ್ದೆನೋ ಅವರೇ ಅದಕ್ಕೆ ಕಲ್ಲು ಹಾಕಿ ನಿಂತಿದ್ದರು. ಅವರು ಸುಮ್ಮನಿದ್ದಿದ್ದರೆ ಕುಟುಂಬ ಅವರ ಅಂಗಳಕ್ಕೆ ಬರುತ್ತಿತ್ತು, ಆಕ್ಷೇಪದ ಉತ್ತರ ನನ್ನ ತಲೆಗೆ ಬರುತ್ತಿತ್ತು. ಅದು ಹೊಳೆದು ನನಗೆ ಆ ಮನುಷ್ಯನ ಮೇಲೆ ಒಮ್ಮೆಲೇ ತುಂಬಾ ಪ್ರೀತಿ ಬಂತು.

"ಹಾಗಾದ್ರೆ ಮುಂದಿನ ವರ್ಷ ನೋಡಣ ಬಿಡಿ" ಎಂದರು ಅಧ್ಯಕ್ಷರು. ಅವರ ಗಮನ ಹೋಳಿಗೆಯ ಕಡೆಗಿತ್ತು.

"ಯಾಕೆ ಮುಂದಿನ ವರ್ಷ? ಇದೇ ಸಭೆಗೆ ತಿದ್ದೋ ಅಧಿಕಾರ ಇದೆ" ಎಂದರು ಮೇಷ್ಟ್ರು. "ಮುಂದಿನ ವರದಿ ಅಚ್ಚಿಗೆ ಇಟ್ಟ ಹಣ ಜಾಸ್ತಿ ಆಯ್ತು. ಈ ಸಲ ಅಧ್ಯಕ್ಷರದ್ದೇ ಆರು ಫೋಟೋ, ಆರೂ ಬಣ್ಣದ್ದು. ಮುಂದಿನ ಸಲ ಕಪ್ಪು ಬಿಳುಪು ಮಾಡಿ, ಉಳಿದದ್ದನ್ನ ಕುಟುಂಬಕ್ಕೆ ಹಾಕಿ."

ಈ ಸಲದ ನಗು ಅಡಿಗೆಯವರನ್ನೂ ಬಾಗಿಲಿಗೆ ಕರೆತಂದಿತು. ಅಧ್ಯಕ್ಷರು ಒಳ್ಳೆಯ ಮನುಷ್ಯ, ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ. ಮತವಿಲ್ಲದವರು ತಿದ್ದುಪಡಿ ಸೂಚಿಸುವಂತಿಲ್ಲ. ಹಾಗಾಗಿ ಮೇಷ್ಟ್ರು ಒಂದೊಂದೇ ಶಬ್ದ ಹೇಳಿದರು, ಸಾಗರದ ಸದಸ್ಯರೊಬ್ಬರು ಅದನ್ನು ತಮ್ಮದೆಂದು ಸೂಚಿಸಿದರು, ತೀರ್ಥಹಳ್ಳಿಯ ಅಕ್ಕ ಒಬ್ಬರು ಅನುಮೋದಿಸಿದರು. ಒಪ್ಪುವವರು ಕೈ ಎತ್ತಿ ಎಂದೆ. ಸಭಾಂಗಣದ ತುಂಬ ಕೈಗಳು. ಕೊನೆಯ ಕುರ್ಚಿಯಲ್ಲಿ ಮೇಷ್ಟ್ರು ಮಾತ್ರ ಎರಡೂ ಕೈಯನ್ನು ಮಡಿಲಲ್ಲಿ ಬಿಗಿಹಿಡಿದು ಕೂತಿದ್ದರು. ಮತವಿಲ್ಲವಲ್ಲ.

ಮಳೆ ಬಿಟ್ಟ ಮೇಲೆ ಸದಸ್ಯರೊಬ್ಬರು ತಮ್ಮ ಬಲವಾದ ಕುಟುಂಬವನ್ನು ಪಾಲು ಮಾಡಿ ಕೊಟ್ಟರು. ಸಂಘ ಬೆಲೆ ಕೊಟ್ಟು ಅದನ್ನು ಮೇಷ್ಟ್ರ ಮನೆಗೆ ತಲುಪಿಸಿತು. ಆಮೇಲೆ ಅವರ ಸುದ್ದಿಯೇ ಇರಲಿಲ್ಲ. ಕೇಳಲು ನನಗೂ ಹೆದರಿಕೆ, ಅದೂ ಸತ್ತಿದ್ದರೆ?

ಸಂಘದ ಲೆಕ್ಕದ ವರ್ಷದ ಕೊನೆಯ ದಿನ, ಮಾರ್ಚ್ ಮೂವತ್ತೊಂದರ ಮಧ್ಯಾಹ್ನ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿದ್ದೆ. ಮೇಷ್ಟ್ರು ಒಳಗೆ ಬಂದರು. ಬಸ್ಸಿನಲ್ಲಿ ಅಲ್ಲಾಡದಂತೆ ಟವೆಲಿನಲ್ಲಿ ಸುತ್ತಿ ತಂದ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಒಂದು ಕೆಜಿ ಆಗ್ಬಹುದು, ಜಾಸ್ತಿ ಇಲ್ಲ. ಉಳಿದದ್ದನ್ನ ಅವಕ್ಕೇ ಬಿಟ್ಟೆ" ಎಂದರು.

ತೂಕ ಮಾಡಿದೆ. ಒಂದು ಕೆಜಿಗೆ ಒಂದಿಷ್ಟು ಹೆಚ್ಚೇ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ರಸೀದಿಯನ್ನು ಒಂದೇ ಉಸಿರಿಗೆ ಬರೆದೆ. ಹರಿದು ಕೊಟ್ಟೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಆಮೇಲೆ ಜೇಬಿಗೆ ಕೈ ಹಾಕಿ ಕೆಂಪು ಪೆನ್ನು ತೆಗೆದರು.

"ಏಪ್ರಿಲ್ ಒಂದು ಅಂತ ಬರ್ದಿದೀರಿ" ಎಂದು ತಾರೀಕಿಗೆ ಸುತ್ತು ಹಾಕಿದರು. "ಹೀಗೆ ಬಿಟ್ರೆ ಈ ವರ್ಷವೂ ನಂಗೆ ಮತ ಇಲ್ಲ, ಮೇಡಂ."

ನಾನು ನಗುತ್ತ ರಸೀದಿ ವಾಪಸ್ ತೆಗೆದುಕೊಂಡೆ. ಅವರ ಪೆನ್ನನ್ನೇ ಕೇಳಿ ಇಸಿದುಕೊಂಡು ಮಾರ್ಚ್ ಮೂವತ್ತೊಂದು ಎಂದು ತಿದ್ದಿ ಸಹಿ ಹಾಕಿದೆ.