ಮೂರನೇ ಸಲದ ತಿದ್ದುಪಡಿ

ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನು ಅಫ್ರೋಜನ ಬಲಗೈಯ ಎರಡು ಬೆರಳು ತಿಂದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಜಜ್ಜಿದ ಕೈಗೆ ಬನಿಯನ್ ಸುತ್ತಿಕೊಂಡು ಆಸ್ಪತ್ರೆಗೆ ಹೋದವನು ಮತ್ತೆ ಆ ಗೇಟು ದಾಟಲಿಲ್ಲ. ತುಮಕೂರಿನ ಮನೆಯಲ್ಲಿ ಕೂತು, ಎಡಗೈಯಲ್ಲಿ ಮೌಸ್ ಹಿಡಿದು ವಿಡಿಯೋ ಎಡಿಟಿಂಗ್ ಕಲಿತ.

ಕಲಿತರೇನು, ಮಾಡಿದ ಕೆಲಸ ತೋರಿಸದೆ ಯಾರು ನಂಬುತ್ತಾರೆ? ಅದಕ್ಕೇ ಒಂದು ಸ್ಯಾಂಪಲ್ ರೀಲ್ ಕಟ್ಟಿದ. ಹೆಂಡತಿ ಬಾನು ಕಬಾಬ್ ಕರಿಯುವುದು, ಬಾಮೈದನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಿಡಿ ಹಾರುವುದು, ಇಷ್ಟೇ ಸರಕು. ಎರಡು ಸೆಕೆಂಡಿನೊಳಗೆ ಕಣ್ಣು ಹಿಡಿಯದಿದ್ದರೆ ನೋಡುವವರ ಹೆಬ್ಬೆರಳು ಮುಂದಕ್ಕೆ ಜಾರಿಬಿಡುತ್ತದೆ. ಹಾಗಾಗಿ ಕಿಡಿ ಮೊದಲು ಬಂತು. ಆ್ಯಪಿನ ಗುಂಡಿಗಳು ಮುಚ್ಚದ ಹಾಗೆ ವಿಡಿಯೋ ಮೇಲೆ ಬರುವ ಅಕ್ಷರಗಳನ್ನು ಕೊಂಚ ಮೇಲೆ ಕೂರಿಸಿದ. ಮೂವತ್ತು ಸೆಕೆಂಡಿನ ಆ ತುಣುಕು ನೋಡಿ ಗುಬ್ಬಿಯ ಲಕ್ಷ್ಮೀಕಾಂತ್ ಫೋನ್ ಮಾಡಿದ. ಬೀದಿಯಲ್ಲಿ ಜನರನ್ನು ಬೇಸ್ತು ಬೀಳಿಸುವ ಪ್ರಾಂಕ್ ವಿಡಿಯೋಗಳಿಗೆ ಅವನು ಹೆಸರಾಗಿದ್ದ.

ಒಪ್ಪಂದ ವಾಟ್ಸಾಪಿನಲ್ಲೇ ಆಯಿತು. ಒಂದು ವಿಡಿಯೋಗೆ ಎರಡೇ ಸಲ ತಿದ್ದುಪಡಿ. ಏನೇನು ಬದಲಾಗಬೇಕೋ ಸೆಕೆಂಡಿನ ಲೆಕ್ಕ ಸಮೇತ ಒಂದೇ ಮೆಸೇಜಿನಲ್ಲಿ ಬರಬೇಕು. ಮೂರನೇ ಸಲಕ್ಕೆ ಮುನ್ನೂರು ರೂಪಾಯಿ ಹೆಚ್ಚು. ಲಕ್ಷ್ಮೀಕಾಂತ್ "ಓಕೆ ಕಣೋ" ಎಂದು ಕಳಿಸಿದ.

ಒಂದು ದಿನ ಪುಟ್ಟರಂಗಯ್ಯನೆಂಬ ಮುದುಕನ ವಿಡಿಯೋ ಬಂತು. ಗುಬ್ಬಿ ರಸ್ತೆಯಲ್ಲಿ ಎಳನೀರು ಮಾರುವವನು. ಲಕ್ಷ್ಮೀಕಾಂತ್ ಅವನ ಕಾಯಿಗಳನ್ನು ಒದ್ದು ಉರುಳಿಸುತ್ತಾನೆ. "ಯಾಕ್ ಸ್ವಾಮಿ?" ಎಂದಿದ್ದಕ್ಕೆ ಕಪಾಳಕ್ಕೆ ಬಿಡುತ್ತಾನೆ. ಮುದುಕ ಬಿದ್ದು, ಕಿವಿಯಿಂದ ರಕ್ತ ಸುರಿಯುತ್ತಾ ಎದ್ದು ಮಚ್ಚು ಎತ್ತಿಕೊಳ್ಳುತ್ತಾನೆ, ಅಷ್ಟೆ.

ಅಫ್ರೋಜ್ ಏಟನ್ನು ಕತ್ತರಿಸಿ, ಕಾಯಿ ಉರುಳುವುದನ್ನಷ್ಟೇ ಇಟ್ಟು ಕಳಿಸಿದ. ಮೊದಲ ತಿದ್ದುಪಡಿ ಬಂತು: ಏಟು ಹಾಕು, 'ಢಂ' ಅನ್ನೋ ಸದ್ದು ಕೊಡು. ಹಾಕಿದ. ಎರಡನೆಯದು: ಏಟನ್ನ ಸ್ಲೋ ಮೋಷನ್ ಮಾಡು. ಅದನ್ನೂ ಮಾಡಿದ.

ಮೂರನೆಯದಕ್ಕೆ ಲಕ್ಷ್ಮೀಕಾಂತ್ ಮಧ್ಯಾಹ್ನ ಮನೆಗೇ ಬಂದ.

"ಆ ಮುದುಕನ ಮಗಳು ಕಂಪ್ಲೇಂಟ್ ಕೊಟ್ಟವ್ಳೆ ಕಣೋ. ಕಿವಿ ರಕ್ತ ಕಾಣದಂಗೆ ಮಚ್ಚು ಎತ್ತೋದನ್ನ ಮೊದಲಿಡು, ನಾನ್ ಹೊಡೆಯೋದನ್ನ ಆಮೇಲೆ. ಅವ್ನೇ ಮೊದ್ಲು ಮೇಲೆ ಬಿದ್ದಂಗೆ ಕಾಣ್ಬೇಕು."

"ಎರಡು ಸಲ ಮುಗೀತಲ್ಲಣ್ಣ."

ಲಕ್ಷ್ಮೀಕಾಂತ್ ನಗುತ್ತಾ ಮುನ್ನೂರು ರೂಪಾಯಿ ಮೇಜಿನ ಮೇಲಿಟ್ಟ. "ನೀನೇ ಬರೆದಿದ್ಯಲ್ಲ, ತಗೋ."

ಅಫ್ರೋಜನಿಗೆ ಒಪ್ಪಂದದ ಹಿಂದೆ ಅಡಗಿಕೊಳ್ಳಲು ಇನ್ನು ಜಾಗವಿರಲಿಲ್ಲ. "ದುಡ್ಡಿನ ಮಾತಲ್ಲಣ್ಣ. ಅದು ಸುಳ್ಳು. ನಾನ್ ಮಾಡಲ್ಲ."

ಲಕ್ಷ್ಮೀಕಾಂತನ ಕೈಯಲ್ಲಿದ್ದ ಹೆಲ್ಮೆಟ್ಟು ಅವನ ಬಾಯಿಗೆ ಅಪ್ಪಳಿಸಿತು. ಹಲ್ಲೊಂದು ಮುರಿದು ನಾಲಿಗೆಗೆ ಚುಚ್ಚಿತು. ಕೆಳಗೆ ಬಿದ್ದವನ ಮೊಂಡುಬೆರಳ ಕೈಯನ್ನು ಲಕ್ಷ್ಮೀಕಾಂತ್ ಶೂನಿಂದ ತುಳಿದು ನಿಂತ.

"ವಿಡಿಯೋ ಇರೋ ಹಾರ್ಡ್ ಡಿಸ್ಕ್ ಎಲ್ಲಿ ಬೋಳಿಮಗನೆ?"

ನೋವಿಗೆ ಕಣ್ಣು ಕತ್ತಲಿಟ್ಟಿತು. ಎಡಗೈಗೆ ಸಿಕ್ಕ ಟ್ರೈಪಾಡನ್ನು ಅಫ್ರೋಜ್ ಬೀಸಿದ. ಮೊಣಕಾಲಿನ ಚಿಪ್ಪು ಲಟಕ್ಕೆಂದಿತು. ಲಕ್ಷ್ಮೀಕಾಂತ್ ಕುಸಿದು, "ಬುಡೋ, ಬುಡೋ" ಎಂದು ಕಿರುಚಿದ. ಅಫ್ರೋಜ್ ಬಿಡಲಿಲ್ಲ. ಹೆಗಲಿಗೆ, ಬೆನ್ನಿಗೆ, ತಲೆ ಮುಚ್ಚಿಕೊಂಡ ಕೈಗೆ ಬಾರಿಸಿದ. ಹೊಡೆದಷ್ಟೂ ಹಿತವೆನಿಸುತ್ತಿತ್ತು. ಬಾನು ಹಿಂದಿನಿಂದ ತಬ್ಬಿ ಎಳೆದಾಗ ಅವಳ ಮೇಲೂ ಕೈ ಎತ್ತಿದ್ದ. ಅವಳ ಮುಖ ಕಂಡು ಟ್ರೈಪಾಡು ಕೈಜಾರಿತು. ಅಕ್ಕಪಕ್ಕದವರು ಬಂದು ಲಕ್ಷ್ಮೀಕಾಂತನನ್ನು ಆಸ್ಪತ್ರೆಗೆ ಒಯ್ದರು.

ಮರುದಿನ ಊದಿದ ತುಟಿಯಲ್ಲೇ ಗುಬ್ಬಿ ಠಾಣೆಗೆ ಹೋಗಿ ಕತ್ತರಿಸದ ಮೂಲ ವಿಡಿಯೋ ಕೊಟ್ಟ. ತಾನು ಎಡಿಟ್ ಮಾಡಿ ಕಳಿಸಿದ್ದ ಮೂರು ವಿಡಿಯೋಗಳನ್ನೂ ಮುಚ್ಚಿಡದೆ ಕೊಟ್ಟ. ಲಕ್ಷ್ಮೀಕಾಂತನ ಮೇಲೆ ಕೇಸಾಯಿತು. ಅವನ ಕಾಲು ಮುರಿದಿದ್ದಕ್ಕೆ ಅಫ್ರೋಜನ ಮೇಲೂ ಆಯಿತು. ಎರಡೂ ನಡೆಯುತ್ತಿವೆ. ಈಗ ಅವನು ಕುಣಿಗಲ್ಲಿನ ಹೇಮಶ್ರೀ ಎಂಬುವವರ ಅಡುಗೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾನೆ.

ಠಾಣೆಗೆ ವಿಡಿಯೋ ಕೊಟ್ಟ ಒಂದು ವಾರಕ್ಕೆ ಅವನು ಪುಟ್ಟರಂಗಯ್ಯನ ಮನೆಗೆ ಹೋಗಿದ್ದ. ಮುದುಕನ ಒಂದು ಕಿವಿ ಕೇಳಿಸದಾಗಿತ್ತು. ಮಗಳು ಹನುಮಂತಮ್ಮ ಹೊಸಿಲಲ್ಲೇ ಅಡ್ಡ ನಿಂತಳು.

"ಸ್ಟೇಷನ್ನಾಗೆ ಎಲ್ಲಾನೂ ತೋರ್ಸಿದ್ರು. ನಮ್ಮಪ್ಪ ಏಟು ತಿನ್ನೋದನ್ನ ನಿಧಾನಕ್ಕೆ ಓಡಿಸ್ದೋನು ನೀನೇ ತಾನೆ?"

"ಹ್ಞೂಂ ಅಕ್ಕ, ನಾನೇ."

ಅವಳು ಬಾಗಿಲು ಹಾಕಿಕೊಂಡಳು. ಅಫ್ರೋಜ್ ಬಸ್ಸಿಗೆಂದು ರಸ್ತೆಗೆ ನಡೆದ.