ಗೌರಿ ಹುಣ್ಣಿಮೆಯ ಸೀರೆ ವಿಡಿಯೋದಲ್ಲಿ ಏಕಿಲ್ಲ

ಮಕ್ಕಳೇ, ನಿಮ್ಮ ಅಕ್ಕ ಕಾಲೇಜಿಗಾಗಿ ಮಾಡಿದ ಒಂದು ನಿಮಿಷದ ವಿಡಿಯೋವನ್ನು ನೀವೆಲ್ಲ ನೋಡಿದ್ದೀರಿ. ಅದರ ಕೊನೆಗೆ ಬರುವ ಮೊಳಕಾಲ್ಮುರಿನ ಮುದುಕಿ ಸಕ್ಕರೆ ಆನೆಯ ಬಗ್ಗೆ ಒಂದೇ ಮಾತು ಹೇಳಿ ಮಾಯವಾಗುತ್ತಾಳೆ. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ಹಿರಿಯರನ್ನು ಬೀದಿಯಲ್ಲಿ ನಿಲ್ಲಿಸಿ ಅವರ ಬಾಲ್ಯದ ಹಬ್ಬದ ನೆನಪು ಕೇಳಬೇಕು, ಅದು ಅಕ್ಕನ ಕೆಲಸ. ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಮಾತುಗಾರಿಕೆ ಕಂಡು ಅಲ್ಲ. ಮದುವೆಯಾಗಿ ಹತ್ತು ವರ್ಷದವರೆಗೆ ಮಾವನವರಿಗೆ ನನ್ನ ದನಿ ಹೇಗಿದೆ ಎಂದು ತಿಳಿದಿರಲಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜಿ ನಿಂತಿದ್ದರೆ ಮುದುಕರು ಹೆದರುವುದಿಲ್ಲ ಎಂಬುದು ಅವಳ ಲೆಕ್ಕ.

ಚಳ್ಳಕೆರೆಯ ಸಂತೆ ಬೀದಿಯಲ್ಲಿ ಮೊದಲ ದಿನವೇ ಆ ಲೆಕ್ಕ ತಪ್ಪಿತು. ಅವಳು ಒಪ್ಪಿಗೆ ಪತ್ರಗಳನ್ನು ಅಚ್ಚು ಹಾಕಿಸಿ ತಂದಿದ್ದಳು. ಕಾಗದ ಹೊರಗೆ ತೆಗೆದದ್ದೇ ತಡ, ಅಲ್ಲಿ ಕೂತಿದ್ದ ಅಜ್ಜಂದಿರೆಲ್ಲ ಎದ್ದು ಸಾಲಾಗಿ ನಿಂತರು.

"ಪಿಂಚಣಿದೇನಮ್ಮಾ?" ಎಂದು ಒಬ್ಬರು ಕೇಳಿದರು.

"ಅಲ್ಲ ತಾತ, ಹಬ್ಬದ ನೆನಪು ಹೇಳ್ಬೇಕು, ಅದಕ್ಕೆ ಒಪ್ಪಿಗೆ."

"ನೆನಪಿಗೂ ಬಂತಾ ಸ್ಕೀಮು? ಆಧಾರ್ ಜೆರಾಕ್ಸ್ ಎಷ್ಟು ಬೇಕು?"

ವಿಷಯ ತಿಳಿದ ಮೇಲೆ ಸಾಲು ಕರಗಿತು. ಉಳಿದ ಒಬ್ಬರು, "ಮಾತು ಬೇಕಾದ್ರೆ ಆಡ್ತೀನಿ. ಹೆಬ್ಬೆಟ್ಟು ಮಾತ್ರ ಒತ್ತಂಗಿಲ್ಲ" ಎಂದರು.

ಅಕ್ಕ ಪತ್ರಗಳನ್ನು ಚೀಲಕ್ಕೆ ಹಾಕಿ ಬೇರೆ ದಾರಿ ಹಿಡಿದಳು. ಕ್ಯಾಮೆರಾ ತೆಗೆಯುವ ಮುಂಚೆ ನಾವು ಯಾರು, ಯಾಕೆ ಕೇಳುತ್ತಿದ್ದೇವೆ, ಎಲ್ಲಿ ತೋರಿಸುತ್ತೇವೆ ಎಂದು ಹೇಳುವುದು. ಒಪ್ಪಿದರೆ ಆ ಒಪ್ಪಿಗೆಯನ್ನು ಅವರ ಬಾಯಿಂದಲೇ ಫೋನಿನಲ್ಲಿ ಹಿಡಿಯುವುದು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ರೊಟ್ಟಿ ತಟ್ಟುತ್ತಾ ಬಾಯಿಪಾಠ ಮಾಡಿದೆ. ಕೊನೆಯ ಸಾಲು ಹೀಗಿತ್ತು: "ಆಮ್ಯಾಕೆ ಬ್ಯಾಡ ಅನ್ನಿಸಿದ್ರೆ ಹೇಳ್ರಿ, ಹಾಕೋಕೆ ಮುಂಚೆ ತೆಗೆದುಬಿಡ್ತೀವಿ." ಇದನ್ನು ನಾನು ದೇವರ ಮುಂದೆ ಹೇಳುವಷ್ಟು ಭಕ್ತಿಯಿಂದ ಹೇಳುತ್ತಿದ್ದೆ.

ಪ್ರಶ್ನೆಯನ್ನೂ ಬದಲಿಸಬೇಕಾಯಿತು. "ಹಬ್ಬ ಹೆಂಗ್ ಮಾಡ್ತಿದ್ರಿ" ಎಂದರೆ ಎಲ್ಲರೂ ಭಾಷಣವನ್ನೇ ಮಾಡುತ್ತಿದ್ದರು: ಆ ಕಾಲ ಎಲ್ಲಿ, ಈ ಕಾಲ ಎಲ್ಲಿ. "ಚಿಕ್ಕವರಿದ್ದಾಗ ಹಬ್ಬದ ದಿನ ನೀವು ಮಾಡಿದ ಒಂದು ತಪ್ಪು ಹೇಳ್ರಿ" ಎಂದು ಕೇಳಿದ ಮೇಲೆ ಮುಖಗಳು ಅರಳಿದವು. ಹೆಬ್ಬೆಟ್ಟು ಒತ್ತದ ಅಜ್ಜ ಯುಗಾದಿಯ ಬೆಳಿಗ್ಗೆ ಬಟ್ಟಲಿನ ಬೆಲ್ಲವನ್ನೆಲ್ಲ ತಿಂದು, ಮನೆಯವರೆಲ್ಲ ಬರೀ ಬೇವು ಅಗಿಯುವಂತೆ ಮಾಡಿದ್ದರಂತೆ. ಇನ್ನೊಬ್ಬ ಅಜ್ಜಿ ಪಂಚಮಿ ಮಧ್ಯಾಹ್ನ ಜೋಕಾಲಿ ಬಿಟ್ಟುಕೊಡದೆ ಅದರ ಮೇಲೇ ನಿದ್ದೆ ಹೋಗಿದ್ದರಂತೆ.

ಮೂರನೆಯ ನೆನಪಿಗೆ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋದೆವು. ಒಂದು ನೇಕಾರರ ಮನೆಯ ಕಟ್ಟೆಯ ಮೇಲೆ ಆ ಮುದುಕಿ ಕೂತಿದ್ದಳು. ಒಳಗೆ ಅವಳ ಮಗ ಮಗ್ಗದಲ್ಲಿದ್ದ. ಮಗ್ಗದ ಸದ್ದಿಗೆ ಮಾತು ಕೇಳದೆಂದು ಅಕ್ಕ ಹತ್ತು ನಿಮಿಷ ನಿಲ್ಲಿಸಲು ಕೇಳಿಕೊಂಡಳು. ಅವನು ನಿಲ್ಲಿಸಿ, ಬಾಗಿಲಲ್ಲಿ ನಿಂತು ಕೇಳತೊಡಗಿದ. ನಾನು ನನ್ನ ಪಾಠ ಒಪ್ಪಿಸಿದೆ. ಅಕ್ಕ ಪುಟ್ಟ ಮೈಕನ್ನು ಅವಳ ಸೆರಗಿಗೆ ಸಿಕ್ಕಿಸಿದಳು.

"ಗೌರಿ ಹುಣ್ಣಿಮೆ," ಅಂದಳು ಮುದುಕಿ. "ಸಕ್ಕರೆ ಆನೆ, ಸಕ್ಕರೆ ಕುದುರೆ ತಟ್ಟೆಗಿಟ್ಕಂಡು ಆರತಿ ತಗಂಡು ಹೋಗ್ಬೇಕು. ನಂಗೆ ಉಡಾಕೆ ಒಳ್ಳೆದಿಲ್ಲ. ನಾನ್ನ ಅವತ್ತೇ ಮಗ್ಗದಿಂದ ಸೀರೆ ಇಳಿಸಿದ್ರು." ನಾನ್ನ ಎಂದರೆ ಅಪ್ಪ, ಅವರದು ತೆಲುಗು ಮನೆಮಾತು. "ಬೆಳಿಗ್ಗೆ ಸಾವ್ಕಾರ್ರಿಗೆ ಕೊಡೋದು. ಹೇಳ್ದೆ ಕೇಳ್ದೆ ಅದನ್ನೇ ಉಟ್ಕಂಡು ಹೋದೆ. ಆರತಿ ಎಣ್ಣೆ ಸೆರಗಿನ ಮ್ಯಾಲೆ ಬಿತ್ತು. ಅಮ್ಮ ಬೈಲಿಲ್ಲ. ಎಣ್ಣೆ ಹೀರ್ಲಿ ಅಂತ ವಿಭೂತಿ ಪುಡಿ ಮಾಡಿ ಮೆತ್ತಿ, ಕಲೆ ಒಳಗಡೆ ಬರಂಗೆ ಮಡಚಿಟ್ರು. ಸಾವ್ಕಾರ್ರು ಅದನ್ನ ತಮ್ಮ ಮಗಳ ಮದುವೆಗೇ ಇಟ್ಕಂಡ್ರು. ನಾವೂ ಊಟಕ್ಕೆ ಹೋದ್ವಿ. ಎಲ್ಲಾರೂ ಮದುಮಗಳ ಮುಖ ನೋಡಿದ್ರೆ ನಾನು ಸೆರಗು ನೋಡ್ತಾ ಕೂತಿದ್ದೆ."

ಮಗ ನಕ್ಕ. ಆದರೆ ಪೂರ್ತಿ ನಗಲಿಲ್ಲ.

ಮನೆಗೆ ಬಂದು ಅಕ್ಕ ಫೋನಿನಲ್ಲೇ ಕತ್ತರಿಸಿ ಜೋಡಿಸಿದಳು. ಮೊದಲಿಗೆ ಮುದುಕಿಯ "ನಾನು ಸೆರಗು ನೋಡ್ತಾ ಕೂತಿದ್ದೆ" ಎಂಬ ಮಾತು, ಮೂರೇ ಸೆಕೆಂಡು. ಆಮೇಲೆ ಪ್ರಶ್ನೆ. ಆಮೇಲೆ ಹಬ್ಬದ ದಿನದ ಹಾಗೆಯೇ ಬೆಳಿಗ್ಗೆಗೆ ಬೇವು, ಮಧ್ಯಾಹ್ನಕ್ಕೆ ಜೋಕಾಲಿ, ಸಂಜೆಗೆ ಆರತಿ. ಮಾತು ತುಂಡಾದಲ್ಲೆಲ್ಲ ಅವರವರ ಕೈಗಳ ಚಿತ್ರ, ಕೆಳಗೆ ಅಕ್ಷರ. ಕತ್ತರಿಸಿದರೂ ಯಾರ ಮಾತಿನ ಅರ್ಥವೂ ತಿರುಗಬಾರದು ಎಂದು ಎರಡು ಸಲ ನೋಡಿದಳು. ನಾಳೆ ಕಾಲೇಜಿಗೆ ಕೊಟ್ಟರಾಯಿತು ಎನ್ನುವಾಗ ನೇಕಾರನ ಫೋನು ಬಂತು. ಮಾತಾಡಿದ್ದು ಮುದುಕಿ.

"ವದ್ದು ತಂಗೀ, ಬ್ಯಾಡ. ಆ ಸೀರೆ ಮಾತು ತೆಗೀರಿ. ಅದೇ ಸಾವ್ಕಾರ್ರ ಮನಿಯವ್ರು ಈಗ್ಲೂ ನಮ್ ಹುಡುಗಂಗೆ ರೇಷ್ಮೆ ಕೊಡೋರು. ಅವ್ರ ಮೊಮ್ಮಗ ನಡೆಸ್ತಾನೆ. ನಾಳೆ ನಮ್ ಸೀರೆನೆಲ್ಲ ಬಿಚ್ಚಿ ಬಿಚ್ಚಿ ನೋಡಿದ್ರೆ?"

ಅಕ್ಕ ಫೋನಿಟ್ಟು ನನ್ನ ಕಡೆ ತಿರುಗಿದಳು. "ಮುಖ ಮಸುಕು ಮಾಡ್ತೀನಿ ಅಜ್ಜಿ. ದನಿನೂ ಬದಲಾಯಿಸ್ತೀನಿ."

"ಕಟ್ಟೆ ಕಂಡ್ರೆ ಸಾಕು, ಊರಿಗೆಲ್ಲಾ ಗೊತ್ತಾಗುತ್ತೆ" ಅಂದೆ.

"ಅದಿಲ್ಲ ಅಂದ್ರೆ ವಿಡಿಯೋನೇ ಇಲ್ಲ. ನೀನ್ಯಾಕೆ ಆ ಕೊನೇ ಸಾಲನ್ನ ಅಷ್ಟು ಚೆನ್ನಾಗಿ ಹೇಳ್ದೆ? ಬ್ಯಾರೆ ಎಲ್ಲಾ ಮಾತು ಗಂಟ್ಲಾಗೇ ಉಳೀತೈತೆ ನಿಂದು."

ಜೀವಮಾನದಲ್ಲಿ ನಾನು ಒಂದು ಮಾತನ್ನು ಸ್ಪಷ್ಟವಾಗಿ ಆಡಿದ್ದಕ್ಕೆ ಸಿಕ್ಕ ಬಹುಮಾನ ಅದು. "ಆ ಮಾತು ಕೇಳಿದ್ಮ್ಯಾಲೇ ಆಕೆ ಬಾಯಿ ಬಿಟ್ಟಿದ್ದು" ಅಂದೆ. ಅಕ್ಕ ಫೋನು ಎತ್ತಿಕೊಂಡು ಸೀರೆಯ ಮಾತನ್ನೆಲ್ಲ ತೆಗೆದಳು. ಮೊದಲ ಮೂರು ಸೆಕೆಂಡಿಗೆ ಬೆಲ್ಲದ ಅಜ್ಜ ಬಂದರು. ಕಾಲೇಜಿನಲ್ಲಿ ಎರಡು ದಿನದ ಗಡುವು ಕೇಳಿ, ಮರುದಿನ ಮತ್ತೆ ಮೊಳಕಾಲ್ಮುರಿಗೆ ಹೋದೆವು.

ಮುದುಕಿಗೆ ವಿಡಿಯೋ ತೋರಿಸಿದೆವು. ತೆಗೆದ ಸೀರೆಯ ಭಾಗವನ್ನು ಅವಳ ಕಣ್ಣೆದುರೇ ಫೋನಿನಿಂದ ಅಳಿಸಿದೆವು. ಮಗ ಬಗ್ಗಿ ನೋಡಿ, ಅಳಿಸಿದ್ದು ಖಾತ್ರಿಯಾದ ಮೇಲೆ ಮಗ್ಗದ ಗುಂಡಿಗೆ ಇಳಿದ. ಮುದುಕಿಯ ಮುಖ ಮಾತ್ರ ಸಪ್ಪಗಾಯಿತು.

"ಇಷ್ಟೇನಾ ನಾನು? ಸಕ್ಕರೆ ತಿಂದು ಎದ್ದೋದಂಗೈತೆ."

"ನೀವೇ ತೆಗೀರಿ ಅಂದ್ರಲ್ಲಜ್ಜಿ," ಅಂದಳು ಅಕ್ಕ.

"ಹೌದಮ್ಮಾ, ತೆಗೀರಿ ಅಂದೆ. ಚೆನ್ನಾಗಿಲ್ಲ ಅಂದ್ನಾ ಮತ್ತೆ?"

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ನೋಡವ್ವಾ, ನಾನು ಮಕ್ಕಳಿಗೆ ಒಂದು ಪುಸ್ತಕದಾಗೆ ಅದೂ ಇದೂ ಬರೀತೀನಿ. ಅದ್ರಾಗೆ ಬರೀಲಾ? ಇದಕ್ಕೂ ಬ್ಯಾಡ ಅಂತ ಹೇಳ್ಬಹುದು" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪುಸ್ತಕದಾಗಾ? ಬರ್ಕೋ. ಅದನ್ಯಾರು ಓದ್ತಾರೆ?"

ಒಳಗೆ ಮಗ್ಗ ನಿಂತಿತು. "ಅಮ್ಮಾ," ಎಂದ ಮಗ, ಎಚ್ಚರಿಸುವ ದನಿಯಲ್ಲಿ.

"ನೀನು ನೇಯಪ್ಪಾ," ಎಂದು ಅವಳು ನನ್ನ ಕಡೆ ತಿರುಗಿದಳು. "ನನ್ ಹೆಸ್ರು ಬ್ಯಾಡ, ಬೀದಿ ಹೆಸ್ರು ಬ್ಯಾಡ, ಸಾವ್ಕಾರ್ರ ಹೆಸ್ರು ಬಾಯಾಗೂ ಬ್ಯಾಡ. ವಿಭೂತಿ ಮಾತ್ರ ಬಿಡಬ್ಯಾಡ. ಅದು ನಮ್ಮಮ್ಮಂದೇ ತಲೆ."

ಹೇಳಿದಂತೆಯೇ ಬರೆದಿದ್ದೇನೆ. ಇನ್ನೊಂದು ಸಲ ಹೋಗಿ ಓದಿ ಕೇಳಿಸಿದೆ. ಕಲೆ ಬಿದ್ದದ್ದು ಸೆರಗಿನ ಒಂದು ಮೂಲೆಗೆ ಮಾತ್ರ, ಇಡೀ ಸೆರಗಿಗಲ್ಲ, ಅದನ್ನೂ ಸೇರಿಸು ಎಂದಳು. ಸೇರಿಸಿದ್ದೇನೆ.